ಹದಿನೆಂಟು ಪುಟಗಳಿಗೆ ಹರಡುವ ಸಾಲದ ವರದಿ: ಕಾಲಂಗಳು ತುಂಡಾಗುವುದೇಕೆ, ಶೀರ್ಷಿಕೆ ಸಾಲು ಮೊದಲ ಪುಟದಲ್ಲೇ ಉಳಿಯುವುದೇಕೆ?

ಪ್ರಶ್ನೆ: ನಾನು ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. 230 ಸದಸ್ಯರ ಸಾಲ ಬಾಕಿಯ ವರದಿಯನ್ನು ಎಕ್ಸೆಲ್‌ನಲ್ಲಿ 14 ಕಾಲಂಗಳಲ್ಲಿ ಮಾಡಿದ್ದೇನೆ. ಪ್ರಿಂಟ್ ಪ್ರಿವ್ಯೂನಲ್ಲಿ ಅದು 18 ಪುಟವಾಗುತ್ತದೆ. ಮೊದಲ ಪುಟದಲ್ಲಿ ಊರಿನ ಹೆಸರಿನವರೆಗೆ ಮಾತ್ರ ಬಂದು ಉಳಿದ ಕಾಲಂಗಳು ಕತ್ತರಿಸಿಹೋಗಿವೆ, ಸಂಘದ ಹೆಸರೂ ಅರ್ಧಕ್ಕೆ ತುಂಡಾಗಿದೆ. ಎರಡನೆಯ ಪುಟದಿಂದ ಮುಂದೆ ಕಾಲಂಗಳ ತಲೆಬರಹವೇ ಇಲ್ಲ. ಮೇಲಿನ ಸಾಲುಗಳನ್ನು ಫ್ರೀಜ್ ಮಾಡಿದ್ದೇನೆ, ಟೇಬಲ್ ಆಗಿಯೂ ಪರಿವರ್ತಿಸಿದ್ದೇನೆ, ಪ್ರಯೋಜನವಾಗಲಿಲ್ಲ. ಒಂದೇ ಪುಟಕ್ಕೆ ಹೊಂದಿಸು ಎಂದರೆ ಅಕ್ಷರಗಳೇ ಕಾಣುವುದಿಲ್ಲ. ಲೆಕ್ಕಪರಿಶೋಧಕರಿಗೆ ಮುದ್ರಿತ ಪ್ರತಿಯನ್ನೇ ಕೊಡಬೇಕು. ಸದಸ್ಯರ ಹೆಸರುಗಳನ್ನು ಅಳಿಸಿದ ಕಡತವನ್ನು ಜೊತೆಗೆ ಕಳುಹಿಸಿದ್ದೇನೆ. ಪ್ರಿಂಟರ್ ಕೆಟ್ಟಿದೆಯೇ, ಕಡತ ಕೆಟ್ಟಿದೆಯೇ?

ಉತ್ತರ: ಎರಡೂ ಕೆಟ್ಟಿಲ್ಲ. ಕಡತವನ್ನು ತೆರೆದು ನೋಡಿದ್ದೇನೆ. ನೀವು ಕೇಳಿರುವ ಎರಡು ತೊಂದರೆಗಳಿಗೂ ಕಾರಣ ಬೇರೆಬೇರೆ, ಪರಿಹಾರವೂ ಬೇರೆಬೇರೆ. ಇವೆರಡರ ಹಿಂದೆ ನೀವು ಗಮನಿಸದ ಮೂರನೆಯದೊಂದು ತೊಂದರೆಯೂ ಇದೆ, ಮತ್ತು ಲೆಕ್ಕಪರಿಶೋಧಕರ ಮುಂದೆ ನಿಮಗೆ ನಿಜವಾಗಿ ಕಷ್ಟ ತರುವುದು ಅದೇ. ದಯವಿಟ್ಟು ಆ ಭಾಗವನ್ನು ಓದುವ ಮೊದಲು ಮುದ್ರಣಕ್ಕೆ ಕೊಡಬೇಡಿ.

ಮೊದಲು ಕತ್ತರಿಸಿಹೋದ ಕಾಲಂಗಳ ವಿಚಾರ. ಎಕ್ಸೆಲ್ ಕಾಲಂ ಅನ್ನು ಸಾಮಾನ್ಯವಾಗಿ ನಡುವೆ ಕತ್ತರಿಸುವುದಿಲ್ಲ. ಒಂದು ಕಾಲಂ ಪುಟದ ಅಗಲದಲ್ಲಿ ಪೂರ್ತಿಯಾಗಿ ಹಿಡಿಸದಿದ್ದರೆ ಅದನ್ನು ಇಡಿಯಾಗಿ ಎತ್ತಿ ಮುಂದಿನ ಪುಟದ ಪಟ್ಟಿಗೆ ಹಾಕುತ್ತದೆ. ಆದ್ದರಿಂದ ನಿಮ್ಮ ಕಾಲಂಗಳು ಕಳೆದುಹೋಗಿಲ್ಲ, ಬೇರೆ ಪುಟಗಳಿಗೆ ಹೋಗಿ ಕುಳಿತಿವೆ. ನಿಮ್ಮ ಕಡತದ 14 ಕಾಲಂಗಳ ಅಗಲವನ್ನು ಅಳೆದು ಕೂಡಿಸಿದರೆ 38.4 ಸೆಂ.ಮೀ. ಬರುತ್ತದೆ. ಎ4 ಹಾಳೆಯ ಅಗಲ 21 ಸೆಂ.ಮೀ. ಎಕ್ಸೆಲ್ ತಾನಾಗಿ ಇಡುವ ಅಂಚು ಎಡಕ್ಕೂ ಬಲಕ್ಕೂ ಸುಮಾರು 1.8 ಸೆಂ.ಮೀ. ಇರುವುದರಿಂದ ಉದ್ದವಾಗಿ ಹಿಡಿದ ಹಾಳೆಯಲ್ಲಿ ಬರೆಯಲು ಉಳಿಯುವುದು 17.4 ಸೆಂ.ಮೀ. ಮಾತ್ರ. ಕ್ರಮಸಂಖ್ಯೆ, ಸದಸ್ಯತ್ವ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು ಮತ್ತು ಊರು ಸೇರಿ 16 ಸೆಂ.ಮೀ. ಆಗುತ್ತದೆ. ಅದರ ಪಕ್ಕದ ಸರ್ವೆ ನಂಬರಿನ 2 ಸೆಂ.ಮೀ. ಸೇರಿದರೆ 18 ಆಗಿ ಹಾಳೆಯನ್ನು ಮೀರುತ್ತದೆ. ಅದಕ್ಕಾಗಿಯೇ ಊರಿನ ಹೆಸರಿನ ಬಳಿ ಪುಟ ಮುರಿದಿದೆ. ಸರ್ವೆ ನಂಬರಿನಿಂದ ದಂಡಬಡ್ಡಿಯವರೆಗಿನ ಏಳು ಕಾಲಂಗಳು ಎರಡನೆಯ ಪಟ್ಟಿಯಲ್ಲಿವೆ. ಒಟ್ಟು ಬಾಕಿ ಮತ್ತು ಷರಾ ಮೂರನೆಯ ಪಟ್ಟಿಯಲ್ಲಿವೆ.

ಹಾಗಾದರೆ ಎರಡನೆಯ ಪುಟದಲ್ಲಿ ಉಳಿದ ಕಾಲಂಗಳು ಏಕೆ ಕಾಣಲಿಲ್ಲ? ಎಕ್ಸೆಲ್ ತಾನಾಗಿ ಅನುಸರಿಸುವ ಕ್ರಮ ಮೊದಲು ಕೆಳಕ್ಕೆ, ಆಮೇಲೆ ಬಲಕ್ಕೆ ಎಂಬುದು. ನಿಮ್ಮ ಸಾಲುಗಳು ಒಂದು ಪಟ್ಟಿಗೆ ಆರು ಪುಟ ಹಿಡಿಯುತ್ತವೆ. ಮೊದಲ ಆರು ಪುಟಗಳಲ್ಲಿ ಎಲ್ಲ ಸದಸ್ಯರ ಹೆಸರು ಮತ್ತು ಊರು, 7ರಿಂದ 12ರವರೆಗೆ ಅದೇ ಸದಸ್ಯರ ಸಾಲ ಮತ್ತು ಬಡ್ಡಿ, 13ರಿಂದ 18ರವರೆಗೆ ಒಟ್ಟು ಬಾಕಿ ಮತ್ತು ಷರಾ ಬರುತ್ತವೆ. ಅಂದರೆ ಒಂದನೆಯ ಪುಟದ ಬಲಭಾಗ ಏಳನೆಯ ಪುಟದಲ್ಲಿದೆ. ಮೂರು ಪಟ್ಟಿಗಳು ಆರಾರು ಪುಟಗಳಾದ್ದರಿಂದ ಹದಿನೆಂಟು. ಇಂತಹ ವರದಿಗಳನ್ನು ಹಾಳೆಗಳನ್ನು ಪಕ್ಕಪಕ್ಕಕ್ಕೆ ಅಂಟಿಸಿ ಕಡತಕ್ಕೆ ಸೇರಿಸಿದ್ದನ್ನು ನಾನು ಕಚೇರಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಂದು ಸಾಲು ಹೆಚ್ಚುಕಡಿಮೆಯಾಗಿ ಅಂಟಿದರೂ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿನ ಮುಂದೆ ಬಂದು ನಿಲ್ಲುತ್ತದೆ, ಆದ್ದರಿಂದ ಆ ದಾರಿಯನ್ನು ಹಿಡಿಯಬೇಡಿ.

ನಿಜವಾಗಿ ತುಂಡಾಗಿರುವುದು ಒಂದೇ, ಸಂಘದ ಹೆಸರು. ಅದನ್ನು ನೀವು A1ರಿಂದ N1ರವರೆಗಿನ ಸೆಲ್‌ಗಳನ್ನು ಒಂದಾಗಿಸಿ ಮಧ್ಯಕ್ಕೆ ಬರೆದಿದ್ದೀರಿ. 38.4 ಸೆಂ.ಮೀ. ಅಗಲದ ಮಧ್ಯಬಿಂದು 19.2 ಸೆಂ.ಮೀ. ಹೆಸರು ಸುಮಾರು 10 ಸೆಂ.ಮೀ. ಉದ್ದವಿರುವುದರಿಂದ ಅದು 14ನೆಯ ಸೆಂ.ಮೀ. ಆಸುಪಾಸಿನಲ್ಲಿ ಶುರುವಾಗುತ್ತದೆ, ಆದರೆ ಮೊದಲ ಪಟ್ಟಿ 16ಕ್ಕೆ ಮುಗಿಯುತ್ತದೆ. ಹೀಗಾಗಿ ಮೊದಲ ಒಂದೆರಡು ಅಕ್ಷರಗಳು ಒಂದನೆಯ ಪುಟದ ಬಲ ಅಂಚಿನಲ್ಲೂ ಉಳಿದ ಹೆಸರು ಏಳನೆಯ ಪುಟದಲ್ಲೂ ಬಂದಿವೆ. ಕಾಲಂಗಳೆಲ್ಲ ಒಂದೇ ಪುಟದ ಅಗಲಕ್ಕೆ ಬಂದ ಕ್ಷಣ ಇದು ತಾನಾಗಿ ಸರಿಹೋಗುತ್ತದೆ.

ಇದನ್ನೆಲ್ಲ ಕಣ್ಣಾರೆ ನೋಡಲು View ಪಟ್ಟಿಯಲ್ಲಿ Page Break Preview ಒತ್ತಿರಿ. ಪುಟಗಳ ಗಡಿಗಳು ನೀಲಿ ಗೆರೆಗಳಾಗಿ ಕಾಣುತ್ತವೆ. ಚುಕ್ಕೆಚುಕ್ಕೆಯ ಗೆರೆ ಎಕ್ಸೆಲ್ ತಾನೇ ಹಾಕಿದ್ದು, ಅಖಂಡ ಗೆರೆ ಯಾರಾದರೂ ಕೈಯಿಂದ ಹಾಕಿದ್ದು. ಮುದ್ರಣಕ್ಕೆ ಸೇರದ ಭಾಗ ಬೂದುಬಣ್ಣದಲ್ಲಿರುತ್ತದೆ. ಆ ಗೆರೆಗಳನ್ನು ಮೌಸ್‌ನಿಂದ ಎಳೆದು ಸರಿಪಡಿಸುವ ಆಸೆ ಆಗುತ್ತದೆ. ಎಳೆದರೆ ಕಾಲಂಗಳು ಒಳಗೆ ಬರುವುದೂ ನಿಜ. ಆದರೆ ಹಾಗೆ ಎಳೆದಾಗ ಎಕ್ಸೆಲ್ ನಿಮ್ಮನ್ನು ಕೇಳದೆ ಅಕ್ಷರಗಳ ಗಾತ್ರವನ್ನು ಕುಗ್ಗಿಸುತ್ತದೆ, ಎಷ್ಟು ಕುಗ್ಗಿಸಿತೆಂಬುದು ಆ ನೋಟದಲ್ಲಿ ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಈ ನೋಟವನ್ನು ನೋಡುವುದಕ್ಕಷ್ಟೇ ಬಳಸಿ, ಗಾತ್ರವನ್ನು ಲೆಕ್ಕ ಹಾಕಿ ನಿರ್ಧರಿಸೋಣ.

ಈಗ ತಲೆಬರಹದ ಸಾಲು. ಇಲ್ಲಿ ನೀವು ಮಾಡಿದ ಎರಡೂ ಕೆಲಸಗಳು ಸರಿಯಾದವೇ, ಆದರೆ ಅವು ಪರದೆಗೆ ಸಂಬಂಧಿಸಿದವು, ಕಾಗದಕ್ಕೆ ಅಲ್ಲ. Freeze Panes ಎಂಬುದು ನೀವು ಕೆಳಗೆ ಸರಿದಂತೆ ಮೇಲಿನ ಸಾಲುಗಳನ್ನು ಪರದೆಯಲ್ಲಿ ಹಿಡಿದು ನಿಲ್ಲಿಸುತ್ತದೆ, ಮುದ್ರಣ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೇಬಲ್ ಆಗಿ ಪರಿವರ್ತಿಸಿದಾಗಲೂ ಹಾಗೆಯೇ. ಕೆಳಗೆ ಸರಿದಾಗ ಮೇಲಿನ A, B, C ಅಕ್ಷರಗಳ ಜಾಗದಲ್ಲಿ ನಿಮ್ಮ ತಲೆಬರಹಗಳು ಕಾಣುವುದರಿಂದ ಅವು ಪ್ರತಿ ಪುಟದಲ್ಲೂ ಬರುತ್ತವೆ ಎಂಬ ಭಾವನೆ ಬರುತ್ತದೆ, ಆದರೆ ಕಾಗದದಲ್ಲಿ ಅವು ಒಮ್ಮೆಯೇ ಅಚ್ಚಾಗುತ್ತವೆ. ಕೆಲವರು Insert ಪಟ್ಟಿಯ Header & Footer ಅನ್ನು ಪ್ರಯತ್ನಿಸುತ್ತಾರೆ. ಅದು ಪುಟದ ಮೇಲಂಚಿನಲ್ಲಿ ಬರೆಯುವ ಬರಹ. ಅದಕ್ಕೂ ಕಾಲಂಗಳಿಗೂ ಸಂಬಂಧವಿಲ್ಲವಾದ್ದರಿಂದ ಅಲ್ಲಿ ಬರೆದ ತಲೆಬರಹ ಕಾಲಂಗಳ ಮೇಲೆ ನೇರವಾಗಿ ಕೂರುವುದಿಲ್ಲ.

ಕಾಗದಕ್ಕೆ ಬೇಕಾದ ವ್ಯವಸ್ಥೆ Page Layout ಪಟ್ಟಿಯಲ್ಲಿರುವ Print Titles. ಅದನ್ನು ಒತ್ತಿದರೆ Page Setup ಪೆಟ್ಟಿಗೆ Sheet ಎಂಬ ಭಾಗದಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ Rows to repeat at top ಎಂಬಲ್ಲಿ ನಿಮ್ಮ ಕಾಲಂಗಳ ತಲೆಬರಹವಿರುವ ಮೂರನೆಯ ಸಾಲನ್ನು ಹೀಗೆ ಕೊಡಬೇಕು:

```
$3:$3
```

ಮೊದಲೆರಡು ಸಾಲುಗಳಲ್ಲಿ ಸಂಘದ ಹೆಸರು ಮತ್ತು ವರದಿಯ ಹೆಸರು ಇವೆಯಲ್ಲ, ಅವನ್ನು ಬಿಟ್ಟು ಮೂರನೆಯದನ್ನು ಮಾತ್ರ ಕೊಡಬಹುದೇ ಎಂಬ ಸಂಶಯ ಬರಬಹುದು. ಕೊಡಬಹುದು. ಮೊದಲ ಪುಟದಲ್ಲಿ ಮೂರೂ ಸಾಲುಗಳು ಇದ್ದಂತೆಯೇ ಬರುತ್ತವೆ, ಎರಡನೆಯ ಪುಟದಿಂದ ಮೂರನೆಯ ಸಾಲು ಮಾತ್ರ ಮೇಲೆ ಮರುಕಳಿಸುತ್ತದೆ. ಕೊಡುವ ಸಾಲುಗಳು ಒಂದರ ಕೆಳಗೊಂದು ಸೇರಿಕೊಂಡಿರಬೇಕು ಎಂಬುದೊಂದೇ ನಿಬಂಧನೆ. ಒಂದನೆಯ ಮತ್ತು ಮೂರನೆಯ ಸಾಲನ್ನು ಆರಿಸಿ ಎರಡನೆಯದನ್ನು ಬಿಡಲಾಗದು. ಬಿಡಿಹಾಳೆ ಕೈಗೆ ಸಿಕ್ಕಾಗ ಅದು ಯಾವ ವರದಿಯದೆಂದು ತಿಳಿಯಬೇಕಾದರೆ ಅದಕ್ಕೆ Header/Footer ಸರಿಯಾದ ಜಾಗ. ಅದೇ ಪೆಟ್ಟಿಗೆಯ ಆ ಭಾಗದಲ್ಲಿ ಮೇಲಂಚಿಗೆ Custom Header ಒತ್ತಿ ಸಂಘದ ಹೆಸರನ್ನು ಬರೆಯಿರಿ, ಕೆಳಂಚಿಗೆ Page 1 of ? ಎಂಬುದನ್ನು ಆರಿಸಿ. ಪುಟ ಸಂಖ್ಯೆಯ ಜೊತೆಗೆ ಒಟ್ಟು ಪುಟಗಳೆಷ್ಟು ಎಂಬುದೂ ಅಚ್ಚಾಗಿದ್ದರೆ ಕೊನೆಯ ಹಾಳೆ ಕಳೆದುಹೋದದ್ದು ಯಾರಿಗಾದರೂ ತಿಳಿಯುತ್ತದೆ.

ಈ ಸ್ಥಳವನ್ನು ನೀವು ಮೊದಲೇ ನೋಡಿ ಕೈಬಿಟ್ಟಿರುವ ಸಾಧ್ಯತೆಯೂ ಇದೆ, ಏಕೆಂದರೆ ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ಪ್ರಿಂಟ್ ಪ್ರಿವ್ಯೂನ ಕೆಳಗಡೆ ಕೂಡ Page Setup ಎಂಬ ಕೊಂಡಿ ಇದೆ, ಅದೇ ಪೆಟ್ಟಿಗೆಯೇ ತೆರೆಯುತ್ತದೆ. ಆದರೆ ಆ ಬಾಗಿಲಿನಿಂದ ಹೋದರೆ ಮರುಕಳಿಸುವ ಸಾಲುಗಳ ಜಾಗ ಮಸುಕಾಗಿದ್ದು ಬರೆಯಲು ಬಿಡುವುದಿಲ್ಲ. ಕಡತಕ್ಕೆ ಬೀಗ ಹಾಕಲಾಗಿದೆ ಅಥವಾ ಎಕ್ಸೆಲ್ ಹಳೆಯದಾಗಿದೆ ಎಂದು ಭಾವಿಸಿ ಜನ ಹಿಂದೆ ಸರಿಯುತ್ತಾರೆ. ಪ್ರಿವ್ಯೂನಿಂದ ಹೊರಬಂದು Page Layout ಪಟ್ಟಿಯಿಂದಲೇ ಹೋಗಿ. ಅಲ್ಲಿಂದ ಹೋದರೂ ಮಸುಕಾಗಿದ್ದರೆ ಕೆಳಗೆ ಒಂದಕ್ಕಿಂತ ಹೆಚ್ಚು ಶೀಟುಗಳು ಒಟ್ಟಿಗೆ ಆಯ್ಕೆಯಾಗಿವೆಯೇ ನೋಡಿ. Print Titles ಗುಂಡಿಯೇ ಮಸುಕಾಗಿದ್ದರೆ ಯಾವುದೋ ಸೆಲ್‌ನ ಒಳಗೆ ಬರೆಯುವ ಸ್ಥಿತಿಯಲ್ಲಿದ್ದೀರಿ ಎಂದರ್ಥ, Esc ಒತ್ತಿದರೆ ಸಾಕು.

ಇನ್ನು ನೀವು ಕೇಳದ ಮೂರನೆಯ ಸಂಗತಿ. ನಿಮ್ಮ ಕಡತದ Print area ಎಂಬ ಜಾಗದಲ್ಲಿ ಹೀಗಿದೆ:

```
$A$1:$N$221
```

ನಿಮ್ಮ ಮಾಹಿತಿ 234ನೆಯ ಸಾಲಿನವರೆಗೆ ಇದೆ. ಮೂರು ಸಾಲು ತಲೆಬರಹ, 4ರಿಂದ 233ರವರೆಗೆ 230 ಸದಸ್ಯರು, 234ರಲ್ಲಿ ಮೊತ್ತ. ಮುದ್ರಣದ ವ್ಯಾಪ್ತಿ 221ಕ್ಕೆ ನಿಂತಿರುವುದರಿಂದ ಕೊನೆಯ 12 ಸದಸ್ಯರೂ ಒಟ್ಟು ಮೊತ್ತದ ಸಾಲೂ ಅಚ್ಚಾಗುತ್ತಲೇ ಇಲ್ಲ. ಬಹುಶಃ ಹಿಂದಿನ ವರದಿಯಲ್ಲಿ 217 ಸದಸ್ಯರಿದ್ದು, 221ನೆಯ ಸಾಲಿನಲ್ಲಿ ಅದರ ಮೊತ್ತವಿತ್ತು. ಅದೇ ಶೀಟಿನ ಮೇಲೆ ಹೊಸ ಮಾಹಿತಿಯನ್ನು ತಂದು ಅಂಟಿಸಿದ್ದೀರಿ. ವ್ಯಾಪ್ತಿಯ ನಡುವೆ ಸಾಲುಗಳನ್ನು ಸೇರಿಸಿದರೆ ಎಕ್ಸೆಲ್ ವ್ಯಾಪ್ತಿಯನ್ನು ತಾನೇ ಹಿಗ್ಗಿಸುತ್ತದೆ, ಆದರೆ ಮೇಲಿಂದ ಅಂಟಿಸಿ ಕೆಳಗಿನ ಗಡಿಯನ್ನು ದಾಟಿದರೆ ಹಿಗ್ಗಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. 221 ಸಾಲುಗಳಿಗೂ 234 ಸಾಲುಗಳಿಗೂ ಪಟ್ಟಿಗೆ ಆರೇ ಪುಟ ಬೇಕಾಗುವುದರಿಂದ ಪುಟಗಳ ಸಂಖ್ಯೆಯಿಂದಲೂ ಇದು ಪತ್ತೆಯಾಗುವಂತಿರಲಿಲ್ಲ. ಪುಟ 18ರ ಕೊನೆಯಲ್ಲಿ ಮೊತ್ತವಿಲ್ಲದೆ ಒಬ್ಬ ಸದಸ್ಯರ ಬಾಕಿಯೇ ಕೊನೆಯ ಸಾಲಾಗಿರುವುದನ್ನು ನೋಡಿ, ತಿಳಿಯುತ್ತದೆ. ಕಾಲಂಗಳು ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ, ಕೆಳಗಿನ ಸಾಲುಗಳು ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಇದನ್ನು ನಾನು ಉಳಿದೆಲ್ಲಕ್ಕಿಂತ ಗಂಭೀರವೆಂದು ಎಣಿಸುತ್ತೇನೆ.

Print Area ಗುಂಡಿಯಲ್ಲಿರುವ Clear Print Area ಒತ್ತಿ ಈ ಮಿತಿಯನ್ನೇ ತೆಗೆದುಹಾಕಬಹುದಿತ್ತು. ಆದರೆ ನೀವು P ಮತ್ತು Q ಕಾಲಂಗಳಲ್ಲಿ ಬಡ್ಡಿಯ ಕಚ್ಚಾ ಲೆಕ್ಕವನ್ನು ಇಟ್ಟುಕೊಂಡಿದ್ದೀರಿ, ಮಿತಿ ತೆಗೆದರೆ ಅದೂ ಅಚ್ಚಾಗಿ ವರದಿ ಇನ್ನಷ್ಟು ಅಗಲವಾಗುತ್ತದೆ. ಆದ್ದರಿಂದ ಸಾಲುಗಳ ಸಂಖ್ಯೆಯನ್ನೇ ಬಿಟ್ಟು, ಕಾಲಂಗಳನ್ನು ಮಾತ್ರ ಹೇಳಿ:

```
$A:$N
```

ಹೀಗೆ ಕೊಟ್ಟರೆ ಎಕ್ಸೆಲ್ A ಯಿಂದ N ವರೆಗೆ, ಮಾಹಿತಿ ಇರುವ ಕೊನೆಯ ಸಾಲಿನ ತನಕ ಅಚ್ಚು ಹಾಕುತ್ತದೆ. ಮುಂದಿನ ತಿಂಗಳು ಸದಸ್ಯರು 240 ಆದರೂ ಬದಲಿಸುವ ಅಗತ್ಯವಿಲ್ಲ. ಇದಕ್ಕೊಂದು ಮಿತಿಯಿದೆ. ಮೊತ್ತದ ಸಾಲಿನ ಕೆಳಗೆ ಖಾಲಿ ಸೆಲ್‌ಗಳಿಗೆ ಚೌಕಟ್ಟಿನ ಗೆರೆ ಹಾಕಿಟ್ಟಿದ್ದರೆ ಎಕ್ಸೆಲ್ ಅವುಗಳನ್ನೂ ಅಚ್ಚು ಹಾಕಬೇಕಾದ ಸಾಲುಗಳೆಂದೇ ಎಣಿಸಿ ಖಾಲಿ ಪುಟಗಳನ್ನು ಕೊಡುತ್ತದೆ. Ctrl+End ಒತ್ತಿದಾಗ ಕರ್ಸರ್ 234ಕ್ಕಿಂತ ಬಹಳ ಕೆಳಗೆ ಹೋಗಿ ನಿಂತರೆ, ಆ ಹೆಚ್ಚುವರಿ ಸಾಲುಗಳನ್ನು ಇಡಿಯಾಗಿ ಆರಿಸಿ ಅಳಿಸಿ ಕಡತವನ್ನು ಉಳಿಸಿ.

ಇಷ್ಟಾದ ಮೇಲೆ ಅಗಲದ ಲೆಕ್ಕಕ್ಕೆ ಬರೋಣ. 38.4 ಸೆಂ.ಮೀ. ಅಗಲವನ್ನು ಕಾಗದಕ್ಕೆ ಇಳಿಸಲು ಮೂರು ದಾರಿಗಳಿವೆ, ಮತ್ತು ಮೂರಕ್ಕೂ ಬೆಲೆ ಇದೆ.

ನೀವು ಪ್ರಯತ್ನಿಸಿದ್ದು Fit Sheet on One Page. ಅದು ಅಗಲವನ್ನಷ್ಟೇ ಅಲ್ಲ, ಎತ್ತರವನ್ನೂ ಒಂದೇ ಪುಟಕ್ಕೆ ತುರುಕುತ್ತದೆ. ನಿಮ್ಮ ಸಾಲುಗಳೆಲ್ಲ ಸೇರಿ ಸುಮಾರು 140 ಸೆಂ.ಮೀ. ಎತ್ತರವಿವೆ, ಉದ್ದ ಹಾಳೆಯಲ್ಲಿ ಸಿಗುವುದು 26 ಸೆಂ.ಮೀ.ಗಿಂತ ತುಸು ಕಡಿಮೆ. ಹಾಗಾಗಿ ಗಾತ್ರ 18 ಶೇಕಡಾಕ್ಕೆ ಇಳಿದು, 11 ಪಾಯಿಂಟಿನ ಅಕ್ಷರ 2 ಪಾಯಿಂಟ್ ಆಗುತ್ತದೆ. ಅದರ ಪಕ್ಕದಲ್ಲೇ ಇರುವ Fit All Columns on One Page ನಿಮಗೆ ಬೇಕಾದದ್ದು. ಅದು ಅಗಲವನ್ನು ಮಾತ್ರ ಒಂದು ಪುಟಕ್ಕೆ ತಂದು ಎತ್ತರವನ್ನು ಬೇಕಾದಷ್ಟು ಪುಟಗಳಿಗೆ ಹರಿಯಬಿಡುತ್ತದೆ. Page Setup ಪೆಟ್ಟಿಗೆಯಲ್ಲಿ ಇದನ್ನೇ ಮಾಡಬೇಕಾದರೆ Fit to ಎಂಬಲ್ಲಿ ಅಗಲಕ್ಕೆ 1 ಎಂದು ಬರೆದು, ಎತ್ತರದ ಜಾಗವನ್ನು ಅಳಿಸಿ ಖಾಲಿ ಬಿಡಬೇಕು. ಅಲ್ಲಿಯೂ 1 ಉಳಿದಿದ್ದರೆ ಮತ್ತೆ ಹಳೆಯ ಕಥೆಯೇ.

ಆದರೆ ಇದನ್ನು ಹಾಳೆ ಉದ್ದವಾಗಿರುವಾಗಲೇ ಒತ್ತಿದರೆ 17.4ನ್ನು 38.4ರಿಂದ ಭಾಗಿಸಿದಂತೆ 45 ಶೇಕಡಾ ಬರುತ್ತದೆ, ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ. ಆದ್ದರಿಂದ ಮೊದಲು Orientation ಅನ್ನು Landscape ಮಾಡಿ. ಅಡ್ಡ ಹಾಳೆಯ 29.7 ಸೆಂ.ಮೀ.ಯಲ್ಲಿ ಅಂಚು ಕಳೆದು 26.1 ಸಿಗುತ್ತದೆ, ಅಂದರೆ 67 ಶೇಕಡಾ, 7.4 ಪಾಯಿಂಟ್. ಇಂಗ್ಲಿಷ್ ಅಕ್ಷರಗಳಿಗೆ ಇದು ಹೇಗೋ ನಡೆದೀತು. ಕನ್ನಡಕ್ಕೆ ನಾನು 8 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ. ಮೂಲಾಕ್ಷರದ ಕೆಳಗೆ ಅದಕ್ಕಿಂತ ಚಿಕ್ಕದಾಗಿ ಒತ್ತಕ್ಷರ ಕೂರುವುದರಿಂದ, ಸಾಧಾರಣ ಲೇಸರ್ ಪ್ರಿಂಟರಿನಲ್ಲಿ 7 ಪಾಯಿಂಟಿನ ಆಸುಪಾಸಿಗೆ ಬರುವಷ್ಟರಲ್ಲಿ ಕೃಷ್ಣಪ್ಪನ ಷ್ಣ ಮತ್ತು ಪ್ಪ ಎರಡೂ ಕಪ್ಪು ಚುಕ್ಕೆಗಳಾಗುತ್ತವೆ. ಫೋಟೋಕಾಪಿ ಮಾಡಿಸಿದರೆ ಅಷ್ಟೂ ಉಳಿಯುವುದಿಲ್ಲ.

ಕೊರತೆ ಸ್ವಲ್ಪವೇ ಆದ್ದರಿಂದ ಅದನ್ನು ಅಂಚು ಮತ್ತು ಕಾಲಂಗಳಿಂದ ತುಂಬಿಸಬಹುದು. ಬಲ ಅಂಚನ್ನು 0.6 ಸೆಂ.ಮೀ.ಗೆ ಇಳಿಸಿ. ಎಡ ಅಂಚನ್ನು ಮಾತ್ರ 1.9 ಸೆಂ.ಮೀ. ಇರಗೊಡಿ, ಕಡತಕ್ಕೆ ಪಂಚ್ ಹೊಡೆದು ಟ್ಯಾಗ್ ಹಾಕುವಾಗ ಕ್ರಮಸಂಖ್ಯೆಯ ಮೇಲೆಯೇ ತೂತು ಬೀಳಬಾರದು. ಇದರಿಂದ 27.2 ಸೆಂ.ಮೀ. ಸಿಗುತ್ತದೆ. ನಿಮ್ಮ ಹೆಸರಿನ ಕಾಲಂ 5.2 ಸೆಂ.ಮೀ. ಇದೆ, ಅತಿ ಉದ್ದದ ಹೆಸರಿಗೂ 4.6 ಸಾಕು. ತಂದೆ ಅಥವಾ ಗಂಡನ ಹೆಸರನ್ನು 4.6ರಿಂದ 4ಕ್ಕೆ ಇಳಿಸಬಹುದು. ಷರಾ ಕಾಲಂ ಬಹುತೇಕ ಖಾಲಿ ಇರುವುದರಿಂದ 3.4ರ ಬದಲು 2.2 ಸಾಕು, ಬರೆದಲ್ಲಿ Wrap Text ಕೊಡಿ. ಒಟ್ಟು 36 ಸೆಂ.ಮೀ.ಗೆ ಬರುತ್ತದೆ. 27.2ನ್ನು 36ರಿಂದ ಭಾಗಿಸಿದರೆ 75 ಶೇಕಡಾ, ಅಕ್ಷರ 8.2 ಪಾಯಿಂಟ್. ಓದಬಹುದು. ಒಂದು ಪುಟಕ್ಕೆ ತಲೆಬರಹ ಸೇರಿ ಮೂವತ್ತೇಳು ಮೂವತ್ತೆಂಟು ಸಾಲು ಹಿಡಿದು, 230 ಸದಸ್ಯರೂ ಮೊತ್ತವೂ 7 ಪುಟಗಳಲ್ಲಿ ಮುಗಿಯುತ್ತವೆ. ನಿಮ್ಮ ವರದಿಗೆ ನಾನು ಶಿಫಾರಸು ಮಾಡುವುದು ಇದನ್ನೇ.

ಅಗಲವನ್ನು ಸೆಂ.ಮೀ.ಯಲ್ಲಿ ನೋಡಲು View ಪಟ್ಟಿಯ Page Layout ನೋಟಕ್ಕೆ ಹೋಗಿ ಕಾಲಂನ ಗಡಿಯ ಮೇಲೆ ಒತ್ತಿ ಹಿಡಿಯಿರಿ. ಸಾಮಾನ್ಯ ನೋಟದಲ್ಲಿ ಕಾಣುವ 8.43ರಂತಹ ಅಂಕಿಗಳು ಎಷ್ಟು ಅಕ್ಷರ ಹಿಡಿಯುತ್ತದೆ ಎಂಬ ಲೆಕ್ಕ, ಅವನ್ನು ಸೆಂ.ಮೀ. ಎಂದು ತಿಳಿಯಬೇಡಿ. Page Layout ನೋಟಕ್ಕೆ ಹೋದಾಗ ನೀವು ಮಾಡಿದ ಫ್ರೀಜ್ ಹೋಗುತ್ತದೆ, ಮರಳಿ ಬಂದ ಮೇಲೆ ಮತ್ತೆ ಹಾಕಿಕೊಳ್ಳಬೇಕು.

ಎರಡನೆಯ ದಾರಿ, ಅಡ್ಡ ಹಾಳೆಯಲ್ಲೇ ಗಾತ್ರ ಕುಗ್ಗಿಸದೆ ಎರಡು ಪಟ್ಟಿಗಳಾಗಿ ಮುದ್ರಿಸುವುದು, ಆದರೆ ಪ್ರತಿ ಪಟ್ಟಿಯಲ್ಲೂ ಹೆಸರು ಬರುವಂತೆ ಮಾಡುವುದು. Rows to repeat at top ಕೆಳಗೇ Columns to repeat at left ಇದೆ. ಅಲ್ಲಿ $A:$C ಎಂದು ಕೊಟ್ಟರೆ ಕ್ರಮಸಂಖ್ಯೆ, ಸದಸ್ಯತ್ವ ಸಂಖ್ಯೆ ಮತ್ತು ಹೆಸರು ಎರಡನೆಯ ಪಟ್ಟಿಯ ಎಡಕ್ಕೂ ಬರುತ್ತವೆ. ಮೊದಲ ಪಟ್ಟಿಯಲ್ಲಿ ಮಂಜೂರಾತಿಯ ವಿವರ, ಎರಡನೆಯದರಲ್ಲಿ ಬಾಕಿಯ ವಿವರ ಎಂದು ಅರ್ಥಪೂರ್ಣವಾಗಿ ಮುರಿಯಬೇಕಾದರೆ ಅಸಲು ಬಾಕಿ ಇರುವ J ಕಾಲಂ ಅನ್ನು ಇಡಿಯಾಗಿ ಆರಿಸಿ, Breaks ಗುಂಡಿಯಲ್ಲಿ Insert Page Break ಒತ್ತಿ. ಎಕ್ಸೆಲ್‌ಗೆ ಬಿಟ್ಟರೆ ಈಗಿನ ಅಂಚಿಗೆ J ಕೂಡ ಮೊದಲ ಪಟ್ಟಿಯಲ್ಲೇ ಹಿಡಿಸಿ, ಬಡ್ಡಿಯಿಂದ ಮುರಿಯುತ್ತದೆ. ಇಲ್ಲಿ ಮರೆಯಬಾರದ ವಿಷಯವೆಂದರೆ Fit to ಆಯ್ಕೆ ಇರುವಾಗ ಕೈಯಿಂದ ಹಾಕಿದ ಪುಟಮುರಿತಗಳನ್ನು ಎಕ್ಸೆಲ್ ಕಡೆಗಣಿಸುತ್ತದೆ. ಈ ದಾರಿಗೆ Adjust to ಎಂಬಲ್ಲಿ 100 ಇಡಬೇಕು. Page order ಅನ್ನು Over, then down ಮಾಡಿದರೆ ಒಂದೇ ಸದಸ್ಯರ ಎರಡು ಭಾಗಗಳು ಒಂದರ ಹಿಂದೊಂದು ಪುಟದಲ್ಲಿ ಬರುತ್ತವೆ. ಹಾಳೆಯ ಲೆಕ್ಕದಲ್ಲಿ ಉಳಿತಾಯವಿಲ್ಲ, ಮತ್ತೆ ಸುಮಾರು ಹದಿನೆಂಟೇ ಆಗುತ್ತವೆ. ಆದರೆ ಅಕ್ಷರ ಪೂರ್ಣ 11 ಪಾಯಿಂಟ್, ಯಾವ ಪುಟದಲ್ಲೂ ಹೆಸರಿಲ್ಲದ ಅಂಕಿಯಿಲ್ಲ. ಹಿರಿಯ ಸದಸ್ಯರ ಮುಂದೆ ಓದಿ ಸಹಿ ಹಾಕಿಸುವ ಪ್ರತಿಯಾದರೆ ಇದೇ ಮೇಲು.

ಮೂರನೆಯದು ಲೀಗಲ್ ಹಾಳೆ. ಅದರ ಉದ್ದ 35.6 ಸೆಂ.ಮೀ., ಅದೇ ಅಂಚುಗಳಲ್ಲಿ ಯಾವ ಕಾಲಂ ಕಿರಿದುಗೊಳಿಸದೆಯೂ 86 ಶೇಕಡಾ ಸಿಗುತ್ತದೆ. ಎಕ್ಸೆಲ್‌ನಲ್ಲಿ Size ಅನ್ನು Legal ಮಾಡಿದರಷ್ಟೇ ಸಾಲದು, ಪ್ರಿಂಟರಿನ ಟ್ರೇಯಲ್ಲೂ ಅದರ ಆಯ್ಕೆಯಲ್ಲೂ ಅದೇ ಹಾಳೆ ಇರಬೇಕು. ಎಕ್ಸೆಲ್ ಒಂದು ಅಳತೆ ತಿಳಿದು ಪ್ರಿಂಟರ್ ಇನ್ನೊಂದು ಹಾಳೆ ಎಳೆದಾಗ ಕಾಲಂಗಳು ನಿಜವಾಗಿಯೇ ನಡುವೆ ಕತ್ತರಿಸಿ ಬರುತ್ತವೆ. ಪ್ರಿವ್ಯೂನಲ್ಲಿ ಸರಿಯಿದ್ದು ಕಾಗದದಲ್ಲಿ ಮಾತ್ರ ತುಂಡಾಗಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಇನ್ನೆರಡು ಕತ್ತರಿಕೆಗಳಿವೆ, ಅವು ಪುಟದ್ದಲ್ಲ, ಸೆಲ್‌ನದ್ದು. ನಿಮ್ಮ D ಕಾಲಂನಲ್ಲಿ ಕೆಲವು ಹೆಸರುಗಳು ಅರ್ಧಕ್ಕೆ ನಿಂತಿವೆ. ಪಕ್ಕದ ಸೆಲ್ ತುಂಬಿರುವುದರಿಂದ ಹೆಚ್ಚಿನ ಅಕ್ಷರಗಳಿಗೆ ಹರಿಯಲು ಜಾಗವಿಲ್ಲ. ಕಾಲಂ ಕಿರಿದುಗೊಳಿಸಿದ ಮೇಲೆ ಇವು ಇನ್ನೂ ಹೆಚ್ಚುತ್ತವೆ, ಆ ಕಾಲಂಗೂ Wrap Text ಕೊಡಿ. ಇನ್ನೊಂದು, ನಿಮ್ಮ ಸಾಲುಗಳ ಎತ್ತರವನ್ನು ಕೈಯಿಂದ ಒಂದೇ ಅಳತೆಗೆ ಕಟ್ಟಿದ್ದೀರಿ. ಹೀಗೆ ಕಟ್ಟಿದ ಸಾಲಿನಲ್ಲಿ ಎರಡನೆಯ ಗೆರೆಗೆ ಇಳಿದ ಹೆಸರು ಪೂರ್ತಿ ಮರೆಯಾಗುತ್ತದೆ, ಎತ್ತರ ತೀರಾ ಕಡಿಮೆಯಿದ್ದರೆ ಒತ್ತಕ್ಷರದ ಬುಡ ಕೊಯ್ದುಹೋಗುತ್ತದೆ. 4ರಿಂದ 234ರವರೆಗಿನ ಸಾಲುಗಳನ್ನು ಆರಿಸಿ, ಎಡಭಾಗದ ಸಾಲುಸಂಖ್ಯೆಗಳ ನಡುವಿನ ಗಡಿಯ ಮೇಲೆ ಎರಡು ಸಲ ಒತ್ತಿದರೆ ಪ್ರತಿ ಸಾಲೂ ತನಗೆ ಬೇಕಾದ ಎತ್ತರ ಪಡೆಯುತ್ತದೆ. ಒಂದಾಗಿಸಿದ ಸೆಲ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಎರಡು ಗೆರೆಯ ಸಾಲುಗಳು ಹೆಚ್ಚಿದ್ದರೆ ಏಳು ಪುಟ ಎಂಟಾದೀತು.

ಸಾಲಬಾಕಿಯ ಅಂಕಿಗಳ ಕಾಲಂಗಳನ್ನು ಮಾತ್ರ ತೀರಾ ಬಿಗಿ ಮಾಡಬೇಡಿ. ಪರದೆಯಲ್ಲಿ ಸರಿಯಾಗಿ ಹಿಡಿಸಿದ ಅಂಕಿ ಮುದ್ರಣದಲ್ಲಿ ##### ಆಗುವುದುಂಟು, ಏಕೆಂದರೆ ಅಕ್ಷರಗಳ ಅಗಲವನ್ನು ಪರದೆ ಮತ್ತು ಪ್ರಿಂಟರ್ ಒಂದೇ ರೀತಿ ಅಳೆಯುವುದಿಲ್ಲ. ಮೊತ್ತದ ಸಾಲಿನ ಅಂಕಿ ಎಲ್ಲಕ್ಕಿಂತ ಉದ್ದ, ಅದನ್ನೇ ಅಳತೆಯಾಗಿಟ್ಟುಕೊಂಡು ಎರಡು ಮೂರು ಮಿ.ಮೀ. ಸಡಿಲ ಬಿಡಿ. ಪ್ರಿಂಟರ್ ಬದಲಾದರೆ ಪುಟಗಳ ಮುರಿತ ಬದಲಾಗುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಹೊಂದಿಸಿ ಕಚೇರಿಯಲ್ಲಿ ಮುದ್ರಿಸುವುದಾದರೆ, ಕಚೇರಿಯ ಗಣಕದಲ್ಲಿ ಒಮ್ಮೆ ತೆರೆದು ನೋಡಿ, ಪಿಡಿಎಫ್ ಆಗಿ ಉಳಿಸಿ ಅದನ್ನು ಮುದ್ರಿಸಿ. ಪಿಡಿಎಫ್ ಮುದ್ರಿಸುವಾಗ Actual size ಆರಿಸಿ, Fit ಎಂದಿದ್ದರೆ ಈಗಾಗಲೇ 75 ಶೇಕಡಾಕ್ಕೆ ಇಳಿದ ಅಕ್ಷರ ಇನ್ನಷ್ಟು ಕುಗ್ಗಬಹುದು.

ಈ ಎಲ್ಲ ಹೊಂದಿಕೆಗಳು ಆ ಶೀಟಿಗೆ ಅಂಟಿಕೊಂಡಿರುತ್ತವೆ, ಮಾಹಿತಿಗೆ ಅಲ್ಲ. ಮಾಹಿತಿಯನ್ನು ನಕಲಿಸಿ ಹೊಸ ಶೀಟಿನಲ್ಲಿ ಅಂಟಿಸಿದರೆ ಯಾವುದೂ ಜೊತೆಗೆ ಬರುವುದಿಲ್ಲ. ಕೆಳಗಿನ ಶೀಟಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ Move or Copy ಮೂಲಕ ಶೀಟನ್ನೇ ನಕಲಿಸಿದರೆ ಬರುತ್ತವೆ. ನಿಮ್ಮ ಸಂಘದ ತಂತ್ರಾಂಶ ಪ್ರತಿ ತಿಂಗಳು ಹೊಸ ಕಡತವನ್ನೇ ಕೊಡುತ್ತಿದ್ದರೆ, ಒಮ್ಮೆ ಹೊಂದಿಸಿದ ಖಾಲಿ ಶೀಟನ್ನು ಮಾದರಿಯಾಗಿ ಇಟ್ಟುಕೊಂಡು ಅದರಲ್ಲಿ ಅಂಟಿಸುವುದು ಸುಲಭ. ಮ್ಯಾಕ್ರೋ ಬಳಸಲು ಕಚೇರಿಯಲ್ಲಿ ಅನುಮತಿಯಿದ್ದರೆ ಇಷ್ಟು ಸಾಲು ಸಾಕು:

```vba
Sub MudranaHondike()
With ActiveSheet.PageSetup
    .PrintArea = "$A:$N"
    .PrintTitleRows = "$3:$3"
    .PaperSize = xlPaperA4
    .Orientation = xlLandscape
    .Zoom = False
    .FitToPagesWide = 1
    .FitToPagesTall = False
End With
End Sub
```

ಇದರಲ್ಲಿ .Zoom = False ಎಂಬ ಸಾಲನ್ನು ಬಿಡಬೇಡಿ, ಅದಿಲ್ಲದಿದ್ದರೆ ಅದರ ಕೆಳಗಿನ ಎರಡು ಸಾಲುಗಳಿಗೆ ಬೆಲೆಯೇ ಇರುವುದಿಲ್ಲ. ಅಂಚುಗಳು ಮತ್ತು ಕಾಲಂಗಳ ಅಗಲ ಇದರಲ್ಲಿ ಸೇರಿಲ್ಲ, ಅವನ್ನು ಕೈಯಿಂದಲೇ ಇಡಬೇಕು.

ಮುದ್ರಣಕ್ಕೆ ಕೊಡುವ ಮೊದಲು ಪ್ರಿವ್ಯೂನಲ್ಲಿ ಮೂರು ಪುಟಗಳನ್ನಷ್ಟೇ ನೋಡಿ. ಮೊದಲ ಪುಟದ ಬಲ ತುದಿಯಲ್ಲಿ ಷರಾ ಕಾಲಂ ಇರಬೇಕು. ಎರಡನೆಯ ಪುಟದ ಮೊದಲ ಸಾಲು ತಲೆಬರಹವಾಗಿರಬೇಕು. ಕೊನೆಯ ಪುಟದಲ್ಲಿ ಕ್ರಮಸಂಖ್ಯೆ 230 ಬಂದು, ಅದರ ಕೆಳಗೆ ಒಟ್ಟು ಮೊತ್ತವಿರಬೇಕು, ಮತ್ತು ಆ ಮೊತ್ತ ನಿಮ್ಮ ಸಾಲದ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಇದೇ ಶೀಟಿನಿಂದ ಹಿಂದಿನ ತಿಂಗಳುಗಳಲ್ಲಿ ತೆಗೆದುಕೊಟ್ಟ ಪ್ರತಿಗಳಿದ್ದರೆ, ಅವುಗಳ ಕೊನೆಯ ಪುಟವನ್ನೂ ಈ ವಾರವೇ ಒಮ್ಮೆ ತೆಗೆದು ನೋಡಿ. ಮೊತ್ತದ ಸಾಲು ಅಲ್ಲಿಯೂ ಇಲ್ಲದಿದ್ದರೆ ಲೆಕ್ಕಪರಿಶೋಧಕರು ಕೇಳುವ ಮುನ್ನ ನೀವೇ ಸರಿಯಾದ ಪ್ರತಿಯನ್ನು ಕೊಟ್ಟು, ಬಿಟ್ಟುಹೋದ ಸಾಲುಗಳ ವಿವರವನ್ನು ಬರೆದುಕೊಡಿ.